ಮೊದಲ ರ‍್ಯಾಂಕಿಗೇ ಸೀಟು ತಪ್ಪಿದಾಗ

ಪಡಿತರ ಎಂದೊಡನೆ ಕಣ್ಣ ಮುಂದೆ ಬರುವುದು ನ್ಯಾಯಬೆಲೆ ಅಂಗಡಿ, ಉದ್ದನೆಯ ಸಾಲು, ಕೈಯಲ್ಲೊಂದು ಕಾರ್ಡು. ಮನೆಗೆ ಬೇಕಾದದ್ದು ಎಷ್ಟೇ ಇರಲಿ, ಸಿಗುವುದು ಗೊತ್ತುಮಾಡಿದ ಅಳತೆ ಮಾತ್ರ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಓದುವ ಪುಸ್ತಕಗಳಲ್ಲಿ ಇನ್ನೊಂದು ಬಗೆಯ ಪಡಿತರವಿದೆ. ಅದು ಬಂಡವಾಳದ ಪಡಿತರ. ಹಣ ಹೂಡಿದರೆ ಲಾಭ ತರಬಲ್ಲ ಯೋಜನೆಗಳು ಹಲವಿವೆ, ಆದರೆ ಅಷ್ಟಕ್ಕೂ ಸಾಲುವಷ್ಟು ಹಣವಿಲ್ಲ. ಆಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಬಿ.ಕಾಂ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿದೆ: ಲಾಭದಾಯಕತೆಯ ಸೂಚ್ಯಂಕವನ್ನು ಲೆಕ್ಕ ಹಾಕಿ, ಹೆಚ್ಚಿನದರಿಂದ ಕಡಿಮೆಯದಕ್ಕೆ ಯೋಜನೆಗಳನ್ನು ಸಾಲಾಗಿ ನಿಲ್ಲಿಸಿ, ಹಣ ಮುಗಿಯುವವರೆಗೆ ಮೇಲಿನಿಂದ ಆರಿಸುತ್ತಾ ಹೋಗಿ. ಉತ್ತರ ತಪ್ಪಲ್ಲ. ಆದರೆ ಅದು ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆಗೆ ಕೈಕೊಡುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ ನಷ್ಟ ಕಟ್ಟಿಟ್ಟದ್ದು.

ಒಂದು ಬೇಕರಿಯ ಲೆಕ್ಕ

ತಾಲ್ಲೂಕು ಕೇಂದ್ರವೊಂದರಲ್ಲಿ ಹಲವು ವರ್ಷಗಳಿಂದ ನಡೆಯುತ್ತಿರುವ ಬೇಕರಿಯೊಂದನ್ನು ಕಲ್ಪಿಸಿಕೊಳ್ಳೋಣ. ಮಾಲೀಕರ ಬಳಿ ವ್ಯಾಪಾರ ಬೆಳೆಸಲೆಂದು ಕೂಡಿಟ್ಟ 10 ಲಕ್ಷ ರೂಪಾಯಿ ಇದೆ. ಮನಸ್ಸಿನಲ್ಲಿ ಐದು ಯೋಜನೆಗಳಿವೆ. ಹೊಸ ದೊಡ್ಡ ಓವನ್ನಿಗೆ 6 ಲಕ್ಷ ಬೇಕು. ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಬ್ರೆಡ್ಡು, ಬನ್ನು ತಲುಪಿಸಲು ಒಂದು ವ್ಯಾನಿಗೆ 5 ಲಕ್ಷ. ಬಸ್ ನಿಲ್ದಾಣದ ಬಳಿ ಒಂದು ಶಾಖೆ ತೆರೆಯಲು ಮುಂಗಡ, ಪೀಠೋಪಕರಣ, ಫ್ರಿಜ್ ಎಲ್ಲ ಸೇರಿ 5 ಲಕ್ಷ. ಬಿಸ್ಕತ್ತು ಪ್ಯಾಕಿಂಗ್ ಯಂತ್ರಕ್ಕೆ 3 ಲಕ್ಷ. ಹಿಟ್ಟು ನಾದುವ ಯಂತ್ರಕ್ಕೆ 2 ಲಕ್ಷ. ಒಟ್ಟು 21 ಲಕ್ಷ. ಇರುವುದು ಅದರ ಅರ್ಧಕ್ಕಿಂತ ಕಡಿಮೆ.

ಮೊದಲು ಪ್ರತಿ ಯೋಜನೆಯೂ ಎಷ್ಟು ತರುತ್ತದೆಂದು ತಿಳಿಯಬೇಕು. ಇಲ್ಲೊಂದು ತೊಡಕಿದೆ. ಯಂತ್ರಕ್ಕೆ ಕೊಡುವ ಹಣ ಇಂದಿನದು. ಅದು ತರುವ ಹಣ ನಾಳಿನದು. ಮುಂದಿನ ವರ್ಷ ಬರುವ 1 ಲಕ್ಷ, ಇಂದು ಕೈಯಲ್ಲಿರುವ 1 ಲಕ್ಷಕ್ಕೆ ಸಮವಲ್ಲ. ಹೂಡಿದ ಹಣಕ್ಕೆ ವರ್ಷಕ್ಕೆ ಶೇ. 10ರಷ್ಟಾದರೂ ಪ್ರತಿಫಲ ಬರಬೇಕೆಂದು ಮಾಲೀಕರು ಎಣಿಸಿದ್ದಾರೆ ಎನ್ನೋಣ. ಆಗ ಒಂದು ವರ್ಷದ ನಂತರದ 1,10,000 ರೂಪಾಯಿಗೆ ಇಂದಿನ ಬೆಲೆ 1,00,000. ಎರಡು ವರ್ಷ ದೂರದ ಹಣವನ್ನು 1.1ರಿಂದ ಎರಡು ಬಾರಿ, ಮೂರು ವರ್ಷ ದೂರದ್ದನ್ನು ಮೂರು ಬಾರಿ ಭಾಗಿಸಬೇಕು.

ಹಿಟ್ಟು ನಾದುವ ಯಂತ್ರವನ್ನೇ ನೋಡಿ. ಕೂಲಿಯ ಉಳಿತಾಯದಿಂದ ಅದು ಮೊದಲ ವರ್ಷ 1,10,000, ಎರಡನೆಯ ವರ್ಷ 1,21,000, ಮೂರನೆಯ ವರ್ಷ 53,240 ರೂಪಾಯಿ ತರುತ್ತದೆ ಎಂದಿಟ್ಟುಕೊಳ್ಳೋಣ. ಇಂದಿನ ಬೆಲೆಗೆ ಇಳಿಸಿದರೆ ಇವು ಕ್ರಮವಾಗಿ 1,00,000, 1,00,000 ಮತ್ತು 40,000. ಒಟ್ಟು 2,40,000. ಇದರಲ್ಲಿ ಯಂತ್ರದ ಬೆಲೆ 2,00,000 ಕಳೆದರೆ ಉಳಿಯುವ 40,000 ರೂಪಾಯಿಯೇ ‘ನಿವ್ವಳ ಪ್ರಸ್ತುತ ಮೌಲ್ಯ’. ಶೇ. 10ರ ಪ್ರತಿಫಲ ತೀರಿಸಿದ ಮೇಲೂ ಮಾಲೀಕರ ಕೈಗೆ ಹೆಚ್ಚಾಗಿ ಬಂದ ಸಂಪತ್ತು ಅದು. ಕಳೆಯುವ ಬದಲು ಭಾಗಿಸಿದರೆ, ಅಂದರೆ 2,40,000ವನ್ನು 2,00,000ದಿಂದ ಭಾಗಿಸಿದರೆ, ಸಿಗುವ 1.20 ಎಂಬುದೇ ಲಾಭದಾಯಕತೆಯ ಸೂಚ್ಯಂಕ. ಹಾಕಿದ ಒಂದು ರೂಪಾಯಿ ಇಂದಿನ ಬೆಲೆಯಲ್ಲಿ 1 ರೂಪಾಯಿ 20 ಪೈಸೆಯಾಗಿ ಮರಳುತ್ತದೆ ಎಂದು ಅದರ ಅರ್ಥ.

ಐದೂ ಯೋಜನೆಗಳನ್ನು ಹೀಗೆಯೇ ಲೆಕ್ಕ ಹಾಕಿ, ಸೂಚ್ಯಂಕದ ಕ್ರಮದಲ್ಲಿ ನಿಲ್ಲಿಸಿದಾಗ ಬಂದ ಪಟ್ಟಿ ಇದು:

1. ಓವನ್: ಹೂಡಿಕೆ 6 ಲಕ್ಷ, ನಿವ್ವಳ ಮೌಲ್ಯ 2,40,000, ಸೂಚ್ಯಂಕ 1.40
2. ವ್ಯಾನ್: ಹೂಡಿಕೆ 5 ಲಕ್ಷ, ನಿವ್ವಳ ಮೌಲ್ಯ 1,90,000, ಸೂಚ್ಯಂಕ 1.38
3. ಶಾಖೆ: ಹೂಡಿಕೆ 5 ಲಕ್ಷ, ನಿವ್ವಳ ಮೌಲ್ಯ 1,80,000, ಸೂಚ್ಯಂಕ 1.36
4. ಪ್ಯಾಕಿಂಗ್ ಯಂತ್ರ: ಹೂಡಿಕೆ 3 ಲಕ್ಷ, ನಿವ್ವಳ ಮೌಲ್ಯ 75,000, ಸೂಚ್ಯಂಕ 1.25
5. ನಾದುವ ಯಂತ್ರ: ಹೂಡಿಕೆ 2 ಲಕ್ಷ, ನಿವ್ವಳ ಮೌಲ್ಯ 40,000, ಸೂಚ್ಯಂಕ 1.20

ಹಣಕ್ಕೆ ಮಿತಿಯೇ ಇಲ್ಲದಿದ್ದರೆ ಐದನ್ನೂ ಕೈಗೊಳ್ಳಬಹುದಿತ್ತು. ಐದರ ಸೂಚ್ಯಂಕವೂ 1ಕ್ಕಿಂತ ಹೆಚ್ಚಿದೆ. ಆದರೆ ಪಡಿತರ 10 ಲಕ್ಷ ಮಾತ್ರ.

ಸಾಲಿನಲ್ಲಿ ಮೊದಲು ನಿಂತವರು

ಸಿದ್ಧ ಸೂತ್ರದಂತೆ ಮೇಲಿನಿಂದ ಆರಿಸೋಣ. ಮೊದಲ ಸ್ಥಾನ ಓವನ್ನಿನದು. ಅದಕ್ಕೆ 6 ಲಕ್ಷ ಹೋಯಿತು, ಉಳಿದದ್ದು 4 ಲಕ್ಷ. ಎರಡನೆಯದಾದ ವ್ಯಾನಿಗೆ 5 ಲಕ್ಷ ಬೇಕು, ಸಾಲದು. ಮೂರನೆಯದಾದ ಶಾಖೆಗೂ ಸಾಲದು. ನಾಲ್ಕನೆಯ ಪ್ಯಾಕಿಂಗ್ ಯಂತ್ರಕ್ಕೆ 3 ಲಕ್ಷ ಸಾಕು, ಅದನ್ನು ಕೊಂಡದ್ದಾಯಿತು. ಇನ್ನುಳಿದ 1 ಲಕ್ಷಕ್ಕೆ ಯಾವ ಯೋಜನೆಯೂ ಸಿಗದು. ಓವನ್ ಮತ್ತು ಪ್ಯಾಕಿಂಗ್ ಯಂತ್ರ ಸೇರಿ ತರುವ ನಿವ್ವಳ ಮೌಲ್ಯ 3,15,000 ರೂಪಾಯಿ.

ಈಗ ಪಟ್ಟಿಯನ್ನು ಪಕ್ಕಕ್ಕಿಟ್ಟು ಜೋಡಿಗಳನ್ನು ನೋಡೋಣ. ವ್ಯಾನ್ ಮತ್ತು ಶಾಖೆ ಸೇರಿದರೆ ಸರಿಯಾಗಿ 10 ಲಕ್ಷ. ಅವೆರಡರ ನಿವ್ವಳ ಮೌಲ್ಯ 1,90,000 ಮತ್ತು 1,80,000, ಒಟ್ಟು 3,70,000. ಸೂತ್ರ ಹಿಡಿದು ನಡೆದದ್ದಕ್ಕಿಂತ ಪೂರಾ 55,000 ರೂಪಾಯಿ ಹೆಚ್ಚು! 10 ಲಕ್ಷದೊಳಗೆ ಹಿಡಿಸುವ ಉಳಿದ ಗುಂಪುಗಳನ್ನೂ ನೋಡಿಬಿಡಬಹುದು. ವ್ಯಾನ್, ಪ್ಯಾಕಿಂಗ್ ಯಂತ್ರ, ನಾದುವ ಯಂತ್ರ ಸೇರಿ 3,05,000. ಶಾಖೆಯೊಡನೆ ಅದೇ ಎರಡು ಯಂತ್ರಗಳಾದರೆ 2,95,000. ಓವನ್ ಮತ್ತು ನಾದುವ ಯಂತ್ರ 2,80,000. ಯಾವುದೂ 3,70,000ದ ಹತ್ತಿರಕ್ಕೆ ಬರುವುದಿಲ್ಲ.

ವಿಚಿತ್ರವನ್ನು ಗಮನಿಸಿ. ಸೂಚ್ಯಂಕದಲ್ಲಿ ಓವನ್ನೇ ಮೊದಲು. ನಿವ್ವಳ ಮೌಲ್ಯದಲ್ಲೂ ಓವನ್ನೇ ಮೊದಲು. ಎರಡೂ ಪಟ್ಟಿಯಲ್ಲಿ ಪ್ರಥಮ ರ‍್ಯಾಂಕು ಪಡೆದ ಯೋಜನೆಗೇ ಉತ್ತಮ ಗುಂಪಿನಲ್ಲಿ ಸೀಟಿಲ್ಲ. ಎರಡನೆಯ ಮತ್ತು ಮೂರನೆಯ ರ‍್ಯಾಂಕಿನವು ಸೇರಿ ಅದನ್ನು ಹೊರಗಿಟ್ಟಿವೆ.

ಇದು ಹೇಗಾಯಿತು? ಪೈಸೆಯ ಲೆಕ್ಕದಲ್ಲಿ ನೋಡಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಓವನ್ ಹಿಡಿದರೆ ಮೊದಲ 6 ಲಕ್ಷ ರೂಪಾಯಿಗೆ 40 ಪೈಸೆಯಂತೆ ಗಳಿಕೆ. ಮುಂದಿನ 3 ಲಕ್ಷಕ್ಕೆ 25 ಪೈಸೆ. ಕೊನೆಯ 1 ಲಕ್ಷಕ್ಕೆ ಏನೂ ಇಲ್ಲ. ಸರಾಸರಿ ರೂಪಾಯಿಗೆ 31.5 ಪೈಸೆ. ವ್ಯಾನ್ ಮತ್ತು ಶಾಖೆ ಹಿಡಿದರೆ ಅರ್ಧ ಹಣಕ್ಕೆ 38 ಪೈಸೆ, ಇನ್ನರ್ಧಕ್ಕೆ 36 ಪೈಸೆ. ಸರಾಸರಿ 37 ಪೈಸೆ. ಓವನ್ ತಾನು ತೆಗೆದುಕೊಂಡ ಹಣಕ್ಕೆ ಮೋಸ ಮಾಡಲಿಲ್ಲ. ಅದು ಮಾಡಿದ ಹಾನಿ ಉಳಿಸಿಹೋದ ಹಣಕ್ಕೆ. ಯಾವ ಒಳ್ಳೆಯ ಯೋಜನೆಗೂ ಸಾಲದ 4 ಲಕ್ಷವನ್ನು ಅದು ಬಿಟ್ಟುಹೋಯಿತು.

ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೂ ಇದೇ. ಗುಂಪುಗಳನ್ನು ಹೋಲಿಸುವಾಗ ಸೂಚ್ಯಂಕಗಳನ್ನು ಸುಮ್ಮನೆ ಕೂಡುವಂತಿಲ್ಲ. 1.40 ಮತ್ತು 1.25 ಸೇರಿ 2.65 ಎಂಬ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಪ್ರತಿ ಸೂಚ್ಯಂಕಕ್ಕೂ ಅದು ನುಂಗುವ ಹಣದ ತೂಕ ಕೊಟ್ಟು ಸರಾಸರಿ ತೆಗೆಯಬೇಕು, ಬಳಕೆಯಾಗದ ಹಣಕ್ಕೆ 1.00 ಎಂದು ಹಿಡಿಯಬೇಕು. ಇಲ್ಲವೇ ಇದಕ್ಕಿಂತ ಸುಲಭವಾಗಿ ನಿವ್ವಳ ಮೌಲ್ಯಗಳನ್ನು ಕೂಡಿ ಹೋಲಿಸಬೇಕು. ಎರಡೂ ದಾರಿಗಳು ಒಂದೇ ಊರಿಗೆ ಹೋಗುತ್ತವೆ.

ಸೂತ್ರ ಸರಿಯಾಗುವುದು ಯಾವಾಗ?

ಹಾಗಾದರೆ ಸೂಚ್ಯಂಕದ ಪಟ್ಟಿ ನಿಷ್ಪ್ರಯೋಜಕವೇ? ಅಲ್ಲ. ಯೋಜನೆಗಳನ್ನು ಬೇಕಾದಷ್ಟು ಭಾಗ ಮಾಡಬಹುದಾದರೆ ಅದೇ ಶ್ರೇಷ್ಠ. ಹತ್ತು ಎಕರೆ ತೋಟಕ್ಕೆ ಹನಿ ನೀರಾವರಿ ಹಾಕಿಸುವ ಯೋಜನೆಯನ್ನು ಹಣವಿದ್ದಷ್ಟಕ್ಕೆ, ನಾಲ್ಕು ಎಕರೆಗೆ ಮಾತ್ರ ಮಾಡಿಸಬಹುದು. ಅಂಥ ಕಡೆ ಮೇಲಿನಿಂದ ತುಂಬುತ್ತಾ ಬಂದು, ಕೊನೆಯ ಯೋಜನೆಯಲ್ಲಿ ಹಣ ಸಾಲುವಷ್ಟು ಪಾಲನ್ನು ಮಾತ್ರ ಕೈಗೊಂಡರಾಯಿತು. ಒಂದೊಂದು ರೂಪಾಯಿಯೂ ತನಗೆ ಸಿಗಬಹುದಾದ ಅತ್ಯುತ್ತಮ ಜಾಗದಲ್ಲಿ ಕುಳಿತಿರುತ್ತದೆ. ಆದರೆ ವ್ಯಾನಿನ ಐದನೇ ನಾಲ್ಕು ಭಾಗವನ್ನು ಯಾರೂ ಮಾರುವುದಿಲ್ಲ. ಮಾರಿದರೂ ಅದು ರಸ್ತೆಯ ಮೇಲೆ ಓಡುವುದಿಲ್ಲ!

ಓಡದ ಆ ವ್ಯಾನಿನಿಂದಲೂ ಒಂದು ಉಪಯೋಗವಿದೆ. ಓವನ್ ಪೂರ್ತಿಯಾಗಿ, ವ್ಯಾನಿನ ಐದನೇ ನಾಲ್ಕು ಭಾಗ ಸೇರಿಸಿ ಕೊಂಡಂತೆ ಕಾಗದದ ಮೇಲೆ ಲೆಕ್ಕ ಹಾಕಿದರೆ ನಿವ್ವಳ ಮೌಲ್ಯ 2,40,000 ಮತ್ತು 1,52,000, ಒಟ್ಟು 3,92,000. ಯಾವ ಜಾಣ ಜೋಡಣೆಯೂ ಇದನ್ನು ಮೀರಲಾರದು, ಏಕೆಂದರೆ ಇಲ್ಲಿ ಒಂದು ರೂಪಾಯಿಯೂ ಸೋರಿಲ್ಲ. ಇದು ಛಾವಣಿ ಇದ್ದಂತೆ. ಕೈಯಲ್ಲಿರುವ ಗುಂಪು ಛಾವಣಿಗೆ ಎಷ್ಟು ಹತ್ತಿರವಿದೆ ಎಂದು ನೋಡಿದರೆ ಇನ್ನೂ ಹುಡುಕಬೇಕೇ, ಸಾಕೇ ಎಂಬುದು ತಿಳಿಯುತ್ತದೆ. 3,15,000ಕ್ಕೂ ಛಾವಣಿಗೂ 77,000 ರೂಪಾಯಿಯ ಅಂತರ, ಹುಡುಕುವುದು ಲೇಸು. 3,70,000ಕ್ಕೆ ಅಂತರ 22,000 ಮಾತ್ರ.

ಇನ್ನೊಂದು ಗುರುತೂ ಇದೆ. ಪಟ್ಟಿಯಲ್ಲಿ ಮೇಲಿನಿಂದ ಒಂದನ್ನೂ ಹಾರಿಸದೆ ಇಳಿದು ಬಂದಾಗ ಹಣ ಸರಿಯಾಗಿ ಮುಗಿದರೆ ಆ ಆಯ್ಕೆಯನ್ನು ಕಣ್ಣುಮುಚ್ಚಿ ನಂಬಬಹುದು. ಎಲ್ಲಾದರೂ ಒಂದು ಯೋಜನೆಯನ್ನು ‘ಹಣ ಸಾಲದು’ ಎಂದು ಹಾರಿಸಬೇಕಾಗಿ ಬಂದರೆ, ಅಥವಾ ಕೊನೆಗೆ ಹಣ ಮಿಕ್ಕರೆ, ಜೋಡಣೆಗಳನ್ನು ಪರೀಕ್ಷಿಸಲೇಬೇಕು.

ಐದು ಯೋಜನೆಗಳಾದರೆ ಇದು ಕಷ್ಟವಲ್ಲ. ಪ್ರತಿಯೊಂದನ್ನೂ ‘ಹಿಡಿ’ ಅಥವಾ ‘ಬಿಡು’ ಎನ್ನಬಹುದಾದ್ದರಿಂದ ಒಟ್ಟು ಜೋಡಣೆಗಳು 2ರ ಐದನೇ ಘಾತ, ಅಂದರೆ 32. ಹತ್ತು ಯೋಜನೆಗಳಾದರೆ 1,024. ಇಪ್ಪತ್ತಾದರೆ 10,48,576. ಗಣಿತಜ್ಞರಿಗೆ ಇದು ‘ಬೆನ್ನುಚೀಲದ ಸಮಸ್ಯೆ’ ಎಂದು ಪರಿಚಿತ: ಇಷ್ಟೇ ತೂಕ ಹೊರಬಲ್ಲ ಚೀಲದಲ್ಲಿ ಹೆಚ್ಚು ಬೆಲೆಯ ವಸ್ತುಗಳನ್ನು ತುಂಬುವುದು ಹೇಗೆ? ವಸ್ತುಗಳನ್ನು ತುಂಡರಿಸಬಹುದಾದರೆ ಬೆಲೆಯನ್ನು ತೂಕದಿಂದ ಭಾಗಿಸಿ ಆ ಕ್ರಮದಲ್ಲಿ ತುಂಬಿದರೆ ಸಾಕೆಂದು ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1957ರಲ್ಲಿ ತೋರಿಸಿದರು. ತುಂಡರಿಸಲಾಗದ ವಸ್ತುಗಳದ್ದು ಬೇರೆಯೇ ಕಥೆ. 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಈ ಬೆನ್ನುಚೀಲವೂ ಒಂದು. ಬೇಕರಿಯ ಲೆಕ್ಕಪುಸ್ತಕದಲ್ಲಿ ಕಂಡ ತೊಡಕು ಗಣಿತದ ದೊಡ್ಡ ಪ್ರಶ್ನೆಯ ಒಂದು ತುಣುಕು.

ಹನ್ನೊಂದನೆಯ ಲಕ್ಷದ ಬೆಲೆ

ಮಿತಿ 10 ಲಕ್ಷದ ಬದಲು 9 ಲಕ್ಷವಾಗಿದ್ದರೆ? ವ್ಯಾನ್ ಮತ್ತು ಶಾಖೆ ಒಟ್ಟಿಗೆ ಹಿಡಿಸುವುದಿಲ್ಲ. ಓವನ್ ಮತ್ತು ಪ್ಯಾಕಿಂಗ್ ಯಂತ್ರವೇ ಉತ್ತಮ. ಮಿತಿ 11 ಲಕ್ಷವಾದರೆ? ಓವನ್ ಮತ್ತು ವ್ಯಾನ್ ಸೇರಿ 4,30,000. ಅಂದರೆ 9 ಲಕ್ಷಕ್ಕೆ ಓವನ್ ಒಳಗೆ, 10 ಲಕ್ಷಕ್ಕೆ ಹೊರಗೆ, 11 ಲಕ್ಷಕ್ಕೆ ಮತ್ತೆ ಒಳಗೆ! ಹಣ ಹೆಚ್ಚಿದಾಗ ಹಳೆಯ ಆಯ್ಕೆಗೆ ಹೊಸದೊಂದನ್ನು ಸೇರಿಸಿದರೆ ಸಾಕು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ಮಿತಿ ಬದಲಾದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಇದರಲ್ಲೇ ಇನ್ನೊಂದು ಉಪಯುಕ್ತ ವಿಷಯ ಅಡಗಿದೆ. 10ರಿಂದ 11 ಲಕ್ಷಕ್ಕೆ ಏರಿದರೆ ನಿವ್ವಳ ಮೌಲ್ಯ 3,70,000ದಿಂದ 4,30,000ಕ್ಕೆ ಏರುತ್ತದೆ. ಆ ಒಂದು ಲಕ್ಷದ ಬೆಲೆ 60,000 ರೂಪಾಯಿ. ಯಾರಾದರೂ ಶೇ. 18ರ ಬಡ್ಡಿಗೆ ಒಂದು ವರ್ಷದ ಮಟ್ಟಿಗೆ 1 ಲಕ್ಷ ಸಾಲ ಕೊಟ್ಟರೆ ವರ್ಷದ ಕೊನೆಗೆ 1,18,000 ಕೊಡಬೇಕು. ಶೇ. 10ರಂತೆ ಅದರ ಇಂದಿನ ಬೆಲೆ ಸುಮಾರು 1,07,270. ಅಂದರೆ ದುಬಾರಿ ಸಾಲದಿಂದ ಆಗುವ ನಷ್ಟ 7,270 ರೂಪಾಯಿಯಷ್ಟೇ. ಅದನ್ನು ಕಳೆದರೂ ಸುಮಾರು 52,700 ರೂಪಾಯಿ ಲಾಭವಿದೆ. ಮೊದಲ ವರ್ಷದ ಗಳಿಕೆಯಲ್ಲಿ ಸಾಲ ತೀರಿಸಲು ಸಾಧ್ಯವೇ ಎಂದು ನೋಡಬೇಕು ಎಂಬುದು ನಿಜ. ಆದರೆ ಶೇ. 18 ಎಂಬ ಅಂಕಿಯನ್ನು ಕೇಳಿಯೇ ಬೆದರಿ ಹಿಂದೆ ಸರಿಯುವುದು ಜಾಣತನವಲ್ಲ. ಓವನ್ ಮಾರುವವರು 1 ಲಕ್ಷವನ್ನು ಮುಂದಿನ ವರ್ಷ ಕೊಡಿ ಎಂದು ಒಪ್ಪಿದರಂತೂ ಇನ್ನೂ ಒಳ್ಳೆಯದು.

ಆದ್ದರಿಂದಲೇ ಮಿತಿ ಎಲ್ಲಿಂದ ಬಂತು ಎಂದು ಕೇಳಬೇಕು. ಬ್ಯಾಂಕಾಗಲಿ ಬೇರೆಯವರಾಗಲಿ ಹಣ ಕೊಡದಿದ್ದರೆ ಅದು ಗಟ್ಟಿ ಮಿತಿ. ‘ಈ ವರ್ಷ ಇಷ್ಟೇ’ ಎಂದು ಮನೆಯವರೋ ಕಂಪನಿಯ ಆಡಳಿತವೋ ತಾವೇ ಗೆರೆ ಎಳೆದಿದ್ದರೆ ಅದು ಮೆತ್ತನೆಯ ಮಿತಿ. ಮೆತ್ತನೆಯ ಮಿತಿ ಎಷ್ಟು ದುಬಾರಿಯಾಗುತ್ತಿದೆ ಎಂಬುದನ್ನು ಆ 60,000 ರೂಪಾಯಿ ಹೇಳುತ್ತದೆ.

‘ಬನ್ನು ಎಲ್ಲಿಂದ ಬರುತ್ತೆ?’

ನಮ್ಮ ಬೇಕರಿ ಮಾಲೀಕರಿಗೆ ಬಿ.ಕಾಂ. ಓದುವ ಮಗಳೊಬ್ಬಳಿದ್ದು, ಈ ಲೆಕ್ಕವನ್ನೆಲ್ಲ ಮಾಡಿ ತಂದೆಯ ಮುಂದಿಟ್ಟಳು ಎನ್ನೋಣ.

‘ಅಪ್ಪಾ, ಓವನ್ ಬೇಡ. ವ್ಯಾನು, ಬಸ್ ಸ್ಟ್ಯಾಂಡಿನ ಅಂಗಡಿ, ಎರಡೇ ಸಾಕು.’

ತಂದೆ ಕಾಗದವನ್ನು ನೋಡಿ ಒಂದೇ ಪ್ರಶ್ನೆ ಕೇಳಿಯಾರು: ‘ಅಲ್ಲಮ್ಮಾ, ಹೊಸ ಅಂಗಡಿಗೆ ಬನ್ನು ಎಲ್ಲಿಂದ ಬರುತ್ತೆ? ಹಳೇ ಓವನ್ನು ಈಗಲೇ ಬೆಳಗಿನ ಜಾವದಿಂದ ಉರೀತಾ ಇದೆ.’

ಲೆಕ್ಕದ ಬುಡವನ್ನೇ ಅಲುಗಿಸುವ ಪ್ರಶ್ನೆಯಿದು. ಇಲ್ಲಿಯವರೆಗೆ ಐದು ಯೋಜನೆಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನಂಬಿಕೊಂಡು ಬಂದದ್ದಾಯಿತು. ಹೊಸ ಓವನ್ ಇಲ್ಲದೆ ಶಾಖೆಗೆ ಸರಕು ಒದಗಿಸಲಾಗದಿದ್ದರೆ, ಶಾಖೆ ಹಿಡಿದವರು ಓವನ್ನನ್ನೂ ಹಿಡಿಯಬೇಕು. ಅವೆರಡಕ್ಕೆ 11 ಲಕ್ಷ ಬೇಕು, ಮಿತಿ ದಾಟಿತು. ಶಾಖೆ ಪಟ್ಟಿಯಿಂದಲೇ ಹೊರಬಿತ್ತು. ಉಳಿದ ಗುಂಪುಗಳಲ್ಲಿ 3,15,000 ತರುವ ಓವನ್ ಮತ್ತು ಪ್ಯಾಕಿಂಗ್ ಯಂತ್ರವೇ ಮೊದಲು. ವ್ಯಾನಿನೊಡನೆ ಎರಡು ಸಣ್ಣ ಯಂತ್ರಗಳ ಗುಂಪು 3,05,000ದೊಂದಿಗೆ ಹಿಂದೆ. ಹಳ್ಳಿಗಳಿಗೆ ವ್ಯಾನಿನಲ್ಲಿ ಕಳಿಸುವ ಬ್ರೆಡ್ಡಿಗೂ ಇದೇ ಪ್ರಶ್ನೆ ಕೇಳಬೇಕು. ಹಳೆಯ ಓವನ್ನಿನಲ್ಲಿ ಬಿಡುವು ಇದೆಯಾದರೆ ಮೊದಲಿನ ಉತ್ತರವೇ ನಿಲ್ಲುತ್ತದೆ. ಹೀಗೆ ಯಾವುದಕ್ಕೆ ಯಾವುದು ಬೇಕು, ಯಾವೆರಡರಲ್ಲಿ ಒಂದು ಮಾತ್ರ ಸಾಧ್ಯ ಎಂಬುದನ್ನು ಬರೆದಿಟ್ಟುಕೊಂಡು, ಆಗದ ಜೋಡಣೆಗಳನ್ನು ಹೊಡೆದುಹಾಕಿದ ಮೇಲೆಯೇ ಕೂಡುವ ಕೆಲಸಕ್ಕೆ ಕೈಹಾಕಬೇಕು.

ಸೂಚ್ಯಂಕ ಸೋಲುವ ಇನ್ನೊಂದು ಸಂದರ್ಭ, ಹಣದ ಮಿತಿ ಒಂದಕ್ಕಿಂತ ಹೆಚ್ಚು ವರ್ಷಗಳಲ್ಲಿ ಇದ್ದಾಗ. ಈ ವರ್ಷ 10 ಲಕ್ಷ, ಮುಂದಿನ ವರ್ಷ 3 ಲಕ್ಷ ಎಂಬ ಎರಡು ಮಿತಿಗಳಿದ್ದು, ಕೆಲವು ಯೋಜನೆಗಳು ಎರಡೂ ವರ್ಷ ಹಣ ಕೇಳಿದರೆ ಯಾವ ವರ್ಷದ ಹಣದಿಂದ ಭಾಗಿಸಬೇಕು? ಈ ವರ್ಷದ್ದರಿಂದ ಭಾಗಿಸಿದರೆ ಒಂದು ಕ್ರಮ, ಮುಂದಿನದ್ದರಿಂದ ಭಾಗಿಸಿದರೆ ಇನ್ನೊಂದು. ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲೆನರ್ಡ್ ಸ್ಯಾವೇಜ್ 1955ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಕೈಗೆತ್ತಿಕೊಂಡರು. ಎರಡೂ ವರ್ಷಗಳ ಒಂದೊಂದು ರೂಪಾಯಿಗೆ ಒಂದೊಂದು ಬೆಲೆ ಊಹಿಸಿ, ಆ ಬೆಲೆಯಲ್ಲಿ ಹಣ ತೆತ್ತೂ ಲಾಭ ಉಳಿಸುವ ಯೋಜನೆಗಳನ್ನು ಮಾತ್ರ ಆರಿಸಿ, ಮಿತಿ ದಾಟಿದರೆ ಬೆಲೆ ಏರಿಸಿ, ಹಣ ಮಿಕ್ಕರೆ ಇಳಿಸುವುದು ಅವರ ಉಪಾಯ. 1963ರಲ್ಲಿ ಮಾರ್ಟಿನ್ ವೈನ್‌ಗಾರ್ಟ್ನರ್ ಇಡೀ ಸಮಸ್ಯೆಯನ್ನು ಗಣಿತದ ಸಮೀಕರಣಗಳಲ್ಲಿ ಕೂರಿಸಿ ಪುಸ್ತಕ ಬರೆದರು.

ಅಂಕಿಗಳ ಹಿಂದಿನ ಅಂದಾಜು

ಲೆಕ್ಕ ಸರಿಯಾಗಿದ್ದರೂ ಅದಕ್ಕೆ ಹಾಕಿದ ಅಂಕಿಗಳು ಅಂದಾಜುಗಳೇ. 1.40, 1.38, 1.36 ಎಂಬ ಸೂಚ್ಯಂಕಗಳ ನಡುವೆ ಇರುವ ಅಂತರ ಕೂದಲೆಳೆಯಷ್ಟು. ಹಳೆಯ ಓವನ್ನಿನಲ್ಲಿ ಬಿಡುವು ಇದೆಯೆಂದೇ ಇಟ್ಟುಕೊಳ್ಳೋಣ. ಶಾಖೆಯ ಗಳಿಕೆ ಎಷ್ಟು ಕುಸಿದರೆ ನಿರ್ಧಾರ ಬದಲಾಗುತ್ತದೆ? ಎರಡು ಗುಂಪುಗಳ ನಡುವಿನ ಅಂತರ 55,000 ರೂಪಾಯಿ. ಶಾಖೆ ತರುವ ಹಣದ ಇಂದಿನ ಬೆಲೆ 6,80,000. ಅದರಲ್ಲಿ 55,000 ಎಂದರೆ ಶೇ. 8ಕ್ಕೆ ತುಸು ಹೆಚ್ಚು. ಉಳಿದ ಅಂಕಿಗಳೆಲ್ಲ ಹಾಗೆಯೇ ಇದ್ದು ಬಸ್ ನಿಲ್ದಾಣದ ವ್ಯಾಪಾರ ಮಾತ್ರ ಶೇ. 10 ಕಡಿಮೆಯಾದರೆ ಓವನ್ನೇ ಗೆಲ್ಲುತ್ತದೆ. ಎಲ್ಲ ಯೋಜನೆಗಳ ಗಳಿಕೆಯೂ ಒಟ್ಟಿಗೆ ಶೇ. 10 ಇಳಿದರೆ ಮಾತ್ರ ವ್ಯಾನ್ ಮತ್ತು ಶಾಖೆಯ ಗುಂಪೇ ಮುಂದೆ ಉಳಿಯುತ್ತದೆ. ಆಗ ಅದು 2,33,000 ತಂದರೆ ಓವನ್ನಿನ ಗುಂಪು ತರುವುದು 1,93,500.

ಎಂದರೆ ಐದು ಅಂದಾಜುಗಳನ್ನೂ ಸಮನಾಗಿ ಅನುಮಾನಿಸಬೇಕಿಲ್ಲ. ಯಾವ ಒಂದು ಅಂಕಿ ಸ್ವಲ್ಪ ಅಲುಗಿದರೆ ನಿರ್ಧಾರವೇ ಮಗುಚುತ್ತದೋ ಅದನ್ನು ಹುಡುಕಿ, ಅದರ ಮೇಲೆ ಶ್ರಮ ಹಾಕಬೇಕು. ಇಲ್ಲಿ ಶಾಖೆಯ ವ್ಯಾಪಾರ ಅಂಥದ್ದೊಂದು ಅಂಕಿ. 10 ಲಕ್ಷ ಕೈಬಿಡುವ ಮೊದಲು ಒಂದು ವಾರ ಬಸ್ ನಿಲ್ದಾಣದಲ್ಲಿ ನಿಂತು, ಬೆಳಗ್ಗೆ ಎಷ್ಟು ಜನ ಇಳಿಯುತ್ತಾರೆ, ಸಂಜೆ ಎಷ್ಟು ಜನ ಪಕ್ಕದ ಅಂಗಡಿಯಲ್ಲಿ ಬನ್ನು ಕೊಳ್ಳುತ್ತಾರೆ ಎಂದು ಎಣಿಸಿ ಬರೆದುಕೊಂಡರೆ, ಆ ನೋಟ್‌ಬುಕ್ಕಿನ ಬೆಲೆ 55,000 ರೂಪಾಯಿಗೆ ಕಡಿಮೆಯೇನಲ್ಲ.